ಮೊದಲ ಸಲ ಮೊಬೈಲ್ ಬ್ಯಾಂಕಿಂಗ್: ಹಿರಿಯ ಗ್ರಾಹಕರಿಗೆ ನಮ್ಮ ಆ್ಯಪ್ ಪರಿಚಯ (ವಿಡಿಯೊ ಸ್ಕ್ರಿಪ್ಟ್)

[ಪರದೆ: ಆ್ಯಪ್‌ನ ಮೊದಲ ಪುಟ]

ನಮಸ್ಕಾರ. ಕನ್ನಡಕ ಹಾಕಿಕೊಂಡು ಆರಾಮಾಗಿ ಕೂತುಕೊಳ್ಳಿ. ಅವಸರ ಏನಿಲ್ಲ. ಎಲ್ಲಿ ಬೇಕಾದರೂ ವಿಡಿಯೊ ನಿಲ್ಲಿಸಿ ಮತ್ತೆ ನೋಡಬಹುದು.

ಎಲ್ಲೋ ಕೈತಪ್ಪಿ ಒತ್ತಿದರೆ ದುಡ್ಡು ಹೋಗಿಬಿಡುತ್ತೆ ಅನ್ನೋ ಭಯ ಇದೆ, ಅಲ್ವಾ? ಹಾಗಾಗುವುದಿಲ್ಲ. ಈ ಆ್ಯಪ್‌ನಲ್ಲಿ ನೀವು ಹಣದ ಪಿನ್ ಹಾಕುವವರೆಗೆ ಒಂದು ರೂಪಾಯಿಯೂ ಆಚೆ ಹೋಗುವುದಿಲ್ಲ. ಹಾಗಾಗಿ ಧೈರ್ಯವಾಗಿ ಎಲ್ಲವನ್ನೂ ತೆರೆದು ನೋಡಿ.

[ಪರದೆ: ‘ಅ’ ಗುರುತಿನ ಸುತ್ತ ಕೆಂಪು ವೃತ್ತ]

ಮೇಲೆ ಬಲಗಡೆ ‘ಅ’ ಅಂತ ಇದೆ. ಒತ್ತಿ. ಕನ್ನಡ ಆರಿಸಿ, ಅಕ್ಷರ ದೊಡ್ಡದು ಮಾಡಿಕೊಳ್ಳಿ. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಇದೇ ಫೋನಿನಲ್ಲಿ ಇರಬೇಕು. ಬೇರೆ ಸಿಮ್ ಇದ್ದರೆ ನೋಂದಣಿ ಆಗುವುದಿಲ್ಲ.

ಈಗ 4 ಅಂಕಿಯ ಪಿನ್ ಹಾಕಿ ಒಳಗೆ ಬನ್ನಿ. ಇದು ಬಾಗಿಲು ತೆರೆಯೋಕೆ ಮಾತ್ರ. ಹಣ ಕಳಿಸೋಕೆ 6 ಅಂಕಿಯ ಬೇರೆ ಪಿನ್ ಇದೆ. ಹುಟ್ಟಿದ ವರ್ಷ, 1234 ಇಂಥದ್ದು ಬೇಡ. ಪಾಸ್‌ಬುಕ್ಕಿನ ಹಿಂದೆ ಬರೆದಿಡುವುದೂ ಬೇಡ.

[ಪರದೆ: ಖಾತೆ ಪುಟ]

ಬ್ಯಾಲೆನ್ಸ್ ಜಾಗದಲ್ಲಿ ಬರೀ ಚುಕ್ಕಿಗಳಿವೆ. ಪಕ್ಕದವರಿಗೆ ಕಾಣಬಾರದು ಅಂತ ಹಾಗೆ ಮಾಡಿದ್ದೇವೆ. ಕಣ್ಣಿನ ಚಿತ್ರ ಒತ್ತಿದರೆ ಮೊತ್ತ ಕಾಣುತ್ತದೆ. ಅದರ ಕೆಳಗಿನ ‘ಪಾಸ್‌ಬುಕ್’ ಒತ್ತಿ. ಪಿಂಚಣಿ ಬಂತಾ, ಕರೆಂಟ್ ಬಿಲ್ ಹೋಯ್ತಾ, ಎಲ್ಲ ದಿನಾಂಕದ ಸಮೇತ ಇದೆ. ಬಂದ ಹಣ ಹಸಿರು, ಹೋದದ್ದು ಕೆಂಪು. ಎಂಟ್ರಿ ಹಾಕಿಸೋಕೆ ಅಂತಲೇ ಬಿಸಿಲಲ್ಲಿ ಶಾಖೆಗೆ ಬರಬೇಕಿಲ್ಲ.

[ಪರದೆ: ‘ಹಣ ಕಳಿಸಿ’ ಪುಟ]

ಈಗ ಮಗಳಿಗೆ 1 ರೂಪಾಯಿ ಕಳಿಸೋಣ. ಅವರ ಮೊಬೈಲ್ ನಂಬರ್ ಹಾಕಿ. ಹೆಸರು ಬರುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. ಹೆಸರು ಅವರದ್ದೇನಾ? ಅಲ್ಲದಿದ್ದರೆ ಹಿಂದೆ ಹೋಗಿ. ಸರಿ ಇದ್ದರೆ ಮೊತ್ತ ಹಾಕಿ. ಅಂಕಿಯ ಕೆಳಗೆ ಅಕ್ಷರದಲ್ಲೂ ಬರುತ್ತದೆ, ಅದನ್ನೇ ಓದಿ. 500ಕ್ಕೆ ಒಂದು ಸೊನ್ನೆ ಜಾಸ್ತಿ ಬಿದ್ದರೆ ‘ಐದು ಸಾವಿರ’ ಅಂತ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಪಿನ್. ಹಸಿರು ಗುರುತು ಬಂದರೆ ಹಣ ಹೋಯಿತು. ‘ಪೆಂಡಿಂಗ್’ ಅಂತ ಬಂದರೆ ಮತ್ತೆ ಕಳಿಸಬೇಡಿ, ಎರಡು ಸಲ ಹೋದೀತು. ಸ್ವಲ್ಪ ಕಾದು ಪಾಸ್‌ಬುಕ್ ನೋಡಿ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ: ಹಣ ಪಡೆಯೋಕೆ ಪಿನ್ ಬೇಕಾಗಿಲ್ಲ. ‘ನಿಮಗೆ ದುಡ್ಡು ಬಂದಿದೆ, ಪಿನ್ ಹಾಕಿ’ ಅಂದರೆ ಅದು ಮೋಸ. ‘ಕೆವೈಸಿ ಅವಧಿ ಮುಗಿದಿದೆ, ಒಟಿಪಿ ಹೇಳಿ’ ಅಂತ ಯಾರು ಎಷ್ಟೇ ಮರ್ಯಾದೆಯಿಂದ ಕೇಳಿದರೂ ಫೋನ್ ಇಟ್ಟುಬಿಡಿ. ಬ್ಯಾಂಕಿನ ನಾವು ಯಾರೂ ಅದನ್ನು ಕೇಳುವುದಿಲ್ಲ. ಅವರು ಕಳಿಸಿದ ಲಿಂಕ್ ಒತ್ತಬೇಡಿ, ಬೇರೆ ಆ್ಯಪ್ ಹಾಕಿಕೊಳ್ಳಬೇಡಿ. ಹಣ ಹೋಗಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಮಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಯೋದು ಸುಲಭ.

[ಪರದೆ: ‘ಹೊರಗೆ ಬನ್ನಿ’ ಬಟನ್]

ಕೆಲಸ ಮುಗಿದ ಮೇಲೆ ‘ಹೊರಗೆ ಬನ್ನಿ’ ಒತ್ತಿ. ಏನಾದರೂ ತಿಳಿಯದಿದ್ದರೆ ಫೋನ್ ತೆಗೆದುಕೊಂಡು ಶಾಖೆಗೆ ಬನ್ನಿ. ಪಕ್ಕದಲ್ಲಿ ಕೂತು ತೋರಿಸುತ್ತೇವೆ. ಪಿನ್ ಮಾತ್ರ ನೀವೇ ಹಾಕಿ, ನಮಗೂ ಹೇಳಬೇಡಿ.