ಗ್ರಂಥಾಲಯ ಓದುಗರ ಸಮೀಕ್ಷೆ: ಉತ್ತರಗಳ ವಯೋಮಾನವಾರು ವಿಶ್ಲೇಷಣೆ

ಸಲ್ಲಿಕೆ: ತಾಲ್ಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯದ ಸಲಹಾ ಸಮಿತಿಗೆ, ಓದುಗರ ಬಳಗದಿಂದ

ಸಮಿತಿಯ ಮುಂದಿರುವುದು ಒಂದೇ ಪ್ರಶ್ನೆ: ಈ ವರ್ಷದ ಅನುದಾನವನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕು? ಒಟ್ಟು ಶೇಕಡಾವಾರು ಮಾತ್ರ ನೋಡಿದರೆ ಮೂರು ಬೇಡಿಕೆಗಳು ಹೆಚ್ಚುಕಡಿಮೆ ಸರಿಸಮವಾಗಿ ನಿಲ್ಲುತ್ತವೆ. ವಯಸ್ಸಿನ ಪ್ರಕಾರ ಬಿಡಿಸಿದಾಗಲೇ ಯಾವುದು ಎಲ್ಲರ ಬೇಡಿಕೆ, ಯಾವುದು ಒಂದು ಗುಂಪಿನದು ಎಂಬುದು ತಿಳಿಯುತ್ತದೆ.

ಉತ್ತರಿಸಿದವರು

ಎರಡು ವಾರ, ದಿನಕ್ಕೆ ಮೂರು ಹೊತ್ತು, ಓದುವ ಕೋಣೆಯಲ್ಲೇ ಮುದ್ರಿತ ಪ್ರಶ್ನಾವಳಿ ಹಂಚಲಾಯಿತು. ಮರಳಿ ಬಂದದ್ದು 419. ವಯಸ್ಸು ಬರೆಯದ 11, ಒಬ್ಬರೇ ಎರಡು ಸಲ ತುಂಬಿದ 5, ಹಿಂಬದಿ ಪುಟ ಖಾಲಿ ಬಿಟ್ಟ 3 ಹಾಳೆಗಳನ್ನು ಕೈಬಿಟ್ಟು 400 ಉಳಿಸಿಕೊಂಡಿದ್ದೇವೆ. ಗ್ರಂಥಾಲಯಕ್ಕೆ ಬರುವುದನ್ನೇ ಬಿಟ್ಟವರ ಮಾತು ಇದರಲ್ಲಿ ಇಲ್ಲ. ಸಮಯ ಹೊಂದದೆ ದೂರ ಉಳಿದವರ ಸಂಖ್ಯೆಯನ್ನು ಈ ಹಾಳೆಗಳಿಂದ ಅಳೆಯಲಾಗದು.

ಪ್ರಶ್ನೆ 1. ಮುಖ್ಯವಾಗಿ ಯಾವುದಕ್ಕೆ ಬರುತ್ತೀರಿ? (ಒಂದೇ ಉತ್ತರ)

ಕೋಷ್ಟಕದಲ್ಲಿ ಮೊದಲು ಸಂಖ್ಯೆ, ಆವರಣದಲ್ಲಿ ಆ ವಯೋಮಾನದವರಲ್ಲಿ ಶೇಕಡಾ.

| ಉದ್ದೇಶ | 15–24 | 25–39 | 40–59 | 60+ | ಒಟ್ಟು |
|---|---|---|---|---|---|
| ಪತ್ರಿಕೆ ಓದಲು | 14 (9) | 19 (21) | 42 (48) | 45 (70) | 120 (30) |
| ಸ್ಪರ್ಧಾತ್ಮಕ ಪರೀಕ್ಷೆ ತಯಾರಿ | 103 (66) | 41 (45) | 3 (3) | 0 (0) | 147 (37) |
| ಪುಸ್ತಕ ಎರವಲು | 20 (13) | 21 (23) | 33 (38) | 15 (23) | 89 (22) |
| ಕಂಪ್ಯೂಟರ್ ಬಳಕೆ | 16 (10) | 7 (8) | 4 (5) | 0 (0) | 27 (7) |
| ಇತರೆ | 3 (2) | 4 (4) | 6 (7) | 4 (6) | 17 (4) |
| ಉತ್ತರಿಸಿದವರು | 156 | 92 | 88 | 64 | 400 |

ದಶಮಾಂಶ ಬಿಟ್ಟಿರುವುದರಿಂದ ಕೆಲವು ಕಂಬಸಾಲುಗಳ ಮೊತ್ತ 99 ಅಥವಾ 101 ಬರುತ್ತದೆ. ಅದನ್ನು ತಿದ್ದಿ 100 ಮಾಡಿಲ್ಲ.

ಇಲ್ಲಿ ಶೇಕಡಾವನ್ನು ಕೆಳಮುಖವಾಗಿ, ಅಂದರೆ ವಯೋಮಾನದ ಒಟ್ಟಿನ ಮೇಲೆ ತೆಗೆದಿದ್ದೇವೆ. ಅಡ್ಡಲಾಗಿ ತೆಗೆದರೆ ಅರ್ಥವೇ ಬದಲಾಗುತ್ತದೆ. 60 ದಾಟಿದವರಲ್ಲಿ ಶೇ 70 ಮಂದಿ ಪತ್ರಿಕೆಗಾಗಿ ಬರುತ್ತಾರೆ ಎಂಬುದು ಒಂದು ಮಾತು. ಪತ್ರಿಕೆಗಾಗಿ ಬರುವವರಲ್ಲಿ 60 ದಾಟಿದವರು ಶೇ 38 (120ರಲ್ಲಿ 45) ಎಂಬುದು ಬೇರೆಯೇ ಮಾತು. ಸಭೆಯಲ್ಲಿ ಇವೆರಡನ್ನು ಬೆರೆಸಿ ಉಲ್ಲೇಖಿಸಬಾರದು.

ಪ್ರಶ್ನೆ 2. ಏನು ಸುಧಾರಿಸಬೇಕು? (ಎಷ್ಟು ಬೇಕಾದರೂ ಗುರುತಿಸಬಹುದು)

| ಬೇಡಿಕೆ | 15–24 | 25–39 | 40–59 | 60+ | ಒಟ್ಟು |
|---|---|---|---|---|---|
| ಹೆಚ್ಚು ಕುರ್ಚಿ, ಮೇಜು | 112 (72) | 48 (52) | 19 (22) | 11 (17) | 190 (48) |
| ತೆರೆದಿರುವ ಸಮಯ ವಿಸ್ತರಣೆ | 87 (56) | 57 (62) | 44 (50) | 9 (14) | 197 (49) |
| ಹೊಸ ಪುಸ್ತಕಗಳು | 59 (38) | 36 (39) | 49 (56) | 22 (34) | 166 (42) |
| ಉತ್ತಮ ಬೆಳಕು | 28 (18) | 15 (16) | 34 (39) | 41 (64) | 118 (30) |
| ಶೌಚಾಲಯ, ಕುಡಿಯುವ ನೀರು | 78 (50) | 43 (47) | 40 (45) | 38 (59) | 199 (50) |

ಒಬ್ಬರು ಹಲವು ಗುರುತು ಹಾಕಿದ್ದರಿಂದ ಇಲ್ಲಿ ಮೊತ್ತ 100 ದಾಟುತ್ತದೆ. 400 ಜನ ಹಾಕಿದ ಗುರುತು 870. ಛೇದ ಯಾವಾಗಲೂ ಜನರ ಸಂಖ್ಯೆ, ಗುರುತುಗಳ ಸಂಖ್ಯೆಯಲ್ಲ. 870ರಿಂದ ಭಾಗಿಸಿದ್ದರೆ ಶೌಚಾಲಯದ ಬೇಡಿಕೆ ಶೇ 50ರಿಂದ 23ಕ್ಕೆ ಇಳಿದು, ಅರ್ಧದಷ್ಟು ಓದುಗರ ತೊಂದರೆ ಸಣ್ಣದಾಗಿ ಕಾಣುತ್ತಿತ್ತು. ಇದೇ ಕಾರಣಕ್ಕೆ ಈ ಪ್ರಶ್ನೆಗೆ ವೃತ್ತನಕ್ಷೆ ಹಾಕದೆ ಪಟ್ಟಿನಕ್ಷೆ ಬಳಸಿದ್ದೇವೆ.

ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಪ್ರತಿ ಬೇಡಿಕೆಗೂ ಪ್ರತ್ಯೇಕ ಕಾಲಂ ಇಟ್ಟು, ಗುರುತು ಇದ್ದರೆ 1, ಇಲ್ಲದಿದ್ದರೆ 0 ತುಂಬಿದೆ. C ಕಾಲಂ ವಯೋಮಾನ, H ಕಾಲಂ ಬೆಳಕು:

```
=COUNTIFS($C$2:$C$401,"60+",$H$2:$H$401,1)/COUNTIF($C$2:$C$401,"60+")
```

ಇದರ ಉತ್ತರ 41/64, ಅಂದರೆ ಶೇ 64. ವಯೋಮಾನದ ಹೆಸರಿನ ಕೊನೆಯಲ್ಲಿ ಕಾಣದ ಖಾಲಿ ಜಾಗ ಸೇರಿದ್ದರೆ ಆ ಸಾಲು ಎಣಿಕೆಗೆ ಸಿಗುವುದಿಲ್ಲ. ನಾಲ್ಕೂ ಗುಂಪು ಕೂಡಿದಾಗ 400 ಬಂದ ಮೇಲಷ್ಟೇ ಮುಂದುವರಿದಿದ್ದೇವೆ.

ನಕ್ಷೆ: ಮೂರು ಬೇಡಿಕೆ, ನಾಲ್ಕು ವಯೋಮಾನ (ಒಂದು ಚೌಕ ಸುಮಾರು ಶೇ 5)

```
ಕುರ್ಚಿ, ಮೇಜು
15–24  ██████████████ 72
25–39  ██████████ 52
40–59  ████ 22
60+    ███ 17

ಉತ್ತಮ ಬೆಳಕು
15–24  ████ 18
25–39  ███ 16
40–59  ████████ 39
60+    █████████████ 64

ಶೌಚಾಲಯ, ನೀರು
15–24  ██████████ 50
25–39  █████████ 47
40–59  █████████ 45
60+    ████████████ 59
```

ಎಲ್ಲ ಪಟ್ಟಿಗಳೂ ಸೊನ್ನೆಯಿಂದಲೇ ಶುರುವಾಗುತ್ತವೆ. ಅಳತೆ ಶೇ 40ರಿಂದ ಶುರುವಾಗಿದ್ದರೆ ಶೌಚಾಲಯದ 45 ಮತ್ತು 59ರ ನಡುವೆ ಇಲ್ಲದ ಕಂದಕ ಕಾಣುತ್ತಿತ್ತು.

ವಯೋಮಾನಗಳ ನಡುವಿನ ಅಂತರ ನಿಜವೇ, ಆಕಸ್ಮಿಕವೇ ಎಂದು ಕೈ-ವರ್ಗ ಪರೀಕ್ಷೆಯಿಂದಲೂ ನೋಡಿದೆವು. ಕುರ್ಚಿಯ ಬೇಡಿಕೆಗೆ ಮೌಲ್ಯ 85.0, ಶೌಚಾಲಯಕ್ಕೆ 3.4. ನಾಲ್ಕು ಗುಂಪುಗಳಿಗೆ (ಮುಕ್ತಾಂಶ 3) ಶೇ 5ರ ಮಟ್ಟದಲ್ಲಿ ದಾಟಬೇಕಾದ ಗೆರೆ 7.81. ಕುರ್ಚಿಯ ಬೇಡಿಕೆ ವಯಸ್ಸಿನೊಂದಿಗೆ ಖಚಿತವಾಗಿ ಬದಲಾಗುತ್ತದೆ. ಶೌಚಾಲಯದ ವಿಷಯದಲ್ಲಿ ಹಾಗೆ ಹೇಳಲು ಆಧಾರವಿಲ್ಲ. ಹಿರಿಯರು ಹೆಚ್ಚು ಕೇಳಿದಂತೆ ಕಂಡರೂ ಅದನ್ನು ಎಲ್ಲರ ಬೇಡಿಕೆ ಎಂದೇ ಓದಬೇಕು. 64 ಜನರ ಗುಂಪಿನಲ್ಲಿ ಶೇಕಡಾ ಸುಮಾರು 12 ಅಂಶ ಅತ್ತಿತ್ತ ಆಗಬಹುದು, 156 ಜನರ ಗುಂಪಿನಲ್ಲಿ 8. ಇದೂ ಅಂದಾಜೇ, ಏಕೆಂದರೆ ಓದುಗರನ್ನು ಚೀಟಿ ಎತ್ತಿ ಆರಿಸಿದ್ದಲ್ಲ.

ಯುವಕರ ಪಾಲು ಹೆಚ್ಚಾದದ್ದು

ಉತ್ತರಿಸಿದವರಲ್ಲಿ 15–24ರವರು ಶೇ 39. ಸದಸ್ಯತ್ವ ವಹಿಯಲ್ಲಿ ಅವರ ಪಾಲು ಶೇ 28. ಉಳಿದ ಗುಂಪುಗಳದು ಕ್ರಮವಾಗಿ 26, 27, 19. ದಿನವಿಡೀ ಕೂತು ಓದುವವರ ಕೈಗೆ ಪ್ರಶ್ನಾವಳಿ ಸುಲಭವಾಗಿ ಸಿಕ್ಕಿದೆ, ಪತ್ರಿಕೆ ನೋಡಿ ಅರ್ಧ ಗಂಟೆಯಲ್ಲಿ ಹೊರಡುವವರು ತಪ್ಪಿದ್ದಾರೆ. ವಹಿಯ ಪಾಲಿಗೆ ತಕ್ಕಂತೆ ತೂಕ ಕೊಟ್ಟರೆ ಶೌಚಾಲಯ ಶೇ 50ರಲ್ಲೇ ನಿಲ್ಲುತ್ತದೆ, ಸಮಯ 48, ಪುಸ್ತಕ 42, ಬೆಳಕು 32. ಕುರ್ಚಿ ಮಾತ್ರ 48ರಿಂದ 43ಕ್ಕೆ ಇಳಿಯುತ್ತದೆ.

ಪ್ರಶ್ನೆ 3. ಯಾವ ಹೊತ್ತು ಬೇಕು?

ಸಮಯ ವಿಸ್ತರಣೆ ಕೇಳಿದ 197 ಜನರಿಗೆ ಮಾತ್ರ ಈ ಪ್ರಶ್ನೆ. ಛೇದ 400 ಅಲ್ಲ.

| ಹೊತ್ತು | 15–24 | 25–39 | 40–59 |
|---|---|---|---|
| ಬೆಳಗ್ಗೆ 8.30ಕ್ಕಿಂತ ಮೊದಲು | 46 (53) | 11 (19) | 9 (20) |
| ರಾತ್ರಿ 8ರ ನಂತರ | 24 (28) | 31 (54) | 17 (39) |
| ರಜಾ ದಿನ | 17 (20) | 15 (26) | 18 (41) |
| ಉತ್ತರಿಸಿದವರು | 87 | 57 | 44 |

60 ದಾಟಿದವರು ಇಲ್ಲಿ 9 ಮಂದಿ ಮಾತ್ರ, ಆದ್ದರಿಂದ ಶೇಕಡಾ ಕೊಟ್ಟಿಲ್ಲ. ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ಬೆಳಗಿನ ಹೊತ್ತು ಬೇಕು, 25–39ರ ದುಡಿಯುವ ವಯಸ್ಸಿನವರಿಗೆ ರಾತ್ರಿ. ಬೆಳಗ್ಗೆ ಒಂದು ಗಂಟೆ ಮುಂಚೆ ತೆರೆದು ಸಮಯ ವಿಸ್ತರಿಸಿದೆವು ಎಂದರೆ ವಿಸ್ತರಣೆ ಕೇಳಿದ 25–39ರವರಲ್ಲಿ ಐದರಲ್ಲಿ ನಾಲ್ವರಿಗೆ ಅವರು ಕೇಳಿದ್ದು ಸಿಕ್ಕಿರುವುದಿಲ್ಲ.

ಶಿಫಾರಸು

ಮೊದಲ ಹಣ ಶೌಚಾಲಯ ಮತ್ತು ನೀರಿಗೆ ಹೋಗಲಿ. ಎಲ್ಲ ವಯಸ್ಸಿನವರೂ ಹೆಚ್ಚುಕಡಿಮೆ ಸಮನಾಗಿ ಕೇಳಿದ, ತೂಕ ಬದಲಿಸಿದರೂ ಕದಲದ ಬೇಡಿಕೆ ಅದೊಂದೇ. ಬೆಳಕಿನ ಒಟ್ಟು ಶೇ 30 ಎಂದು ಅದನ್ನು ಕೊನೆಗೆ ತಳ್ಳಬಾರದು: ತೊಂದರೆ ಹಿರಿಯರಲ್ಲಿ ಗುಂಪಾಗಿದೆ, ಅವರಲ್ಲಿ ಹೆಚ್ಚಿನವರು ಬರುವುದು ಪತ್ರಿಕೆಗೆ. ಪತ್ರಿಕಾ ಮೇಜುಗಳ ಮೇಲಷ್ಟೇ ದೀಪ ಹಾಕಿದರೆ ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ. ಕುರ್ಚಿ, ಮೇಜನ್ನು ಪರೀಕ್ಷೆಗೆ ಓದುವವರ ಕೋಣೆಗೇ ಕೊಡಬೇಕು. ಸಮಯದ ಬಗ್ಗೆ, ಮೂರು ತಿಂಗಳು ವಾರಕ್ಕೆ ಮೂರು ದಿನ ಬೆಳಗ್ಗೆ 7.30ಕ್ಕೆ ತೆರೆದು, ಇನ್ನೆರಡು ದಿನ ರಾತ್ರಿ 9ರವರೆಗೆ ಇಟ್ಟು, ಹಾಜರಿ ವಹಿಯಲ್ಲಿ ವಯಸ್ಸಿನ ಕಾಲಂ ಸೇರಿಸಿ ನೋಡುವುದು ಒಳ್ಳೆಯದು.

ಮುಂದಿನ ಸುತ್ತಿನಲ್ಲಿ ಪ್ರಶ್ನಾವಳಿಯನ್ನು ಪತ್ರಿಕಾ ಮೇಜಿನ ಬಳಿ ದೊಡ್ಡ ಅಕ್ಷರದಲ್ಲಿ ಇಡಬೇಕು, ಹಿರಿಯರಿಂದ ಕನಿಷ್ಠ 100 ಉತ್ತರ ಸಿಗಬೇಕು. ಈ ಸಲ 64ರಲ್ಲಿ ಮಹಿಳೆಯರು 9 ಮಂದಿ. ಹಿರಿಯ ಮಹಿಳೆಯರ ಅಗತ್ಯವನ್ನು ಬೇರೆಯಾಗಿ ಹೇಳಲು ಆ ಸಂಖ್ಯೆ ಸಾಲದು.