ಫೋಟೋ ತೆಗೆಯುವುದು ಮಗು, ಕಳಿಸುವುದು ನೀವು

ಡೊಂಬಿವಲಿ, ಸೆಪ್ಟೆಂಬರ್ 8

ಒಂದನೇ ಮತ್ತು ಎರಡನೇ ತರಗತಿಯ ಪಾಲಕರಿಗೆ ನಮಸ್ಕಾರ.

ಮುಂದಿನ ವಾರ ಗಣಪತಿ ರಜೆ. ನಮ್ಮ ತರಗತಿಯ ಅರ್ಧ ಮಕ್ಕಳು ಊರಿಗೆ ಹೊರಟಿದ್ದಾರೆ. ಉಡುಪಿ ಕಡೆಯವರು ರೈಲಿನಲ್ಲಿ, ವಿಜಯಪುರ ಕಡೆಯವರು ರಾತ್ರಿ ಬಸ್ಸಿನಲ್ಲಿ. ಬ್ಯಾಗಿನಲ್ಲಿ ಏನೇನು ತುಂಬಿಕೊಳ್ಳಬೇಕು ಅನ್ನೋ ಮಾತೇ ಈಗ ಇಡೀ ದಿನ. ರಜೆಗೆ ಒಂದು ಸಣ್ಣ ಕೆಲಸ ಕೊಟ್ಟಿದ್ದೇನೆ. ಐದು ಬೇರೆ ಬೇರೆ ಎಲೆ ಹುಡುಕಬೇಕು, ಫೋಟೋ ತೆಗೆಯಬೇಕು, ಹೆಸರು ಬರೆದು ಕಳಿಸಬೇಕು. ಹೆಸರು ಗೊತ್ತಾಗದಿದ್ದರೆ ಗೂಗಲ್ ಲೆನ್ಸ್‌ನಲ್ಲಿ ಆ ಫೋಟೋ ಹಾಕಿ ನೋಡಬಹುದು ಎಂದೂ ಹೇಳಿದ್ದೇನೆ. ಶುಕ್ರವಾರ ಅಂಗಳದ ದಾಸವಾಳದ ಎಲೆಯ ಮೇಲೆ ನನ್ನ ಫೋನ್ ಹಿಡಿದು ತೋರಿಸಿದಾಗ ಮಕ್ಕಳು ಕುಣಿದಾಡಿಬಿಟ್ಟರು. ಈಗ ಎಲ್ಲರಿಗೂ ಫೋನ್ ಬೇಕು. ಅದಕ್ಕೇ ಈ ಚೀಟಿ.

ನಾನು ಕೇಳುವುದು ಇಷ್ಟೇ. ದೊಡ್ಡವರು ಯಾರಾದರೂ ಪಕ್ಕದಲ್ಲಿ ಕೂತಿರದೆ ಮಗು ಯಾವ ಫೋಟೋವನ್ನೂ ಎಲ್ಲಿಗೂ ಅಪ್‌ಲೋಡ್ ಮಾಡಬಾರದು. ತರಗತಿಯ ವಾಟ್ಸಾಪ್ ಗ್ರೂಪಿಗೂ ಬೇಡ, ಲೆನ್ಸ್‌ಗೂ ಬೇಡ, ಮುಖಕ್ಕೆ ಬೆಕ್ಕಿನ ಕಿವಿ ಹಚ್ಚುವ ಆ್ಯಪ್‌ಗಂತೂ ಬೇಡವೇ ಬೇಡ. ಫೋಟೋ ಮಗುವೇ ತೆಗೆಯಲಿ. ಎಲೆ ಅಲುಗಾಡಿ ಮಸುಕಾದರೂ ಪರವಾಗಿಲ್ಲ, ನಾನು ಅಂಕ ಕಡಿಮೆ ಮಾಡುವುದಿಲ್ಲ. ಆದರೆ ಕೊನೆಗೆ ಕಳಿಸುವ ಬಟನ್ ಒತ್ತುವ ಬೆರಳು ನಿಮ್ಮದಾಗಿರಲಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಹೋದ ತಿಂಗಳು ಬಾವುಟದ ಚಿತ್ರ ಬಿಡಿಸಿ ಕಳಿಸಲು ಹೇಳಿದ್ದೆ. ಒಂದು ಮಗು ತಾನೇ ಫೋಟೋ ತೆಗೆದು, ತಾನೇ ಗ್ರೂಪಿಗೆ ಹಾಕಿತು. ಮನೆಯವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಫೋಟೋದ ನಡುವೆ ಬಾವುಟ ಚೆನ್ನಾಗಿಯೇ ಇತ್ತು, ಚಕ್ರದ ಗೆರೆಗಳನ್ನೂ ಎಣಿಸಿ ಹಾಕಿತ್ತು. ಆದರೆ ಪುಸ್ತಕದ ಪಕ್ಕದಲ್ಲಿ ಬ್ಯಾಂಕ್ ಪಾಸ್‌ಬುಕ್ ತೆರೆದು ಬಿದ್ದಿತ್ತು, ಖಾತೆ ನಂಬರ್ ಓದುವ ಹಾಗೆ. ಹಿಂದೆ ಬಾಗಿಲಲ್ಲಿ ಆಗ ತಾನೇ ಸ್ನಾನ ಮಾಡಿ ಬಂದ ಪುಟ್ಟ ತಮ್ಮ, ಮೈಮೇಲೆ ಬಟ್ಟೆ ಇಲ್ಲದೆ. ಅಷ್ಟೇ ಅಲ್ಲ. ಒಂದು ಫೋಟೋ ಆರಿಸಲು ಹೋಗಿ ಗ್ಯಾಲರಿಯಲ್ಲಿ ಬೆರಳು ಜಾರಿ ಹನ್ನೊಂದು ಫೋಟೋ ಹೋಗಿದ್ದವು. ಅದರಲ್ಲಿ ತಂದೆಯ ಆಧಾರ್ ಕಾರ್ಡ್ ಒಂದು.

ತಾಯಿ ಕೆಲಸಕ್ಕೆ ಹೋಗಿದ್ದರು. ಅವರು ಫೋನ್ ನೋಡಿದ್ದು ರಾತ್ರಿ ಹತ್ತಕ್ಕೆ. ಅಷ್ಟು ಹೊತ್ತಿಗೆ 42 ಮನೆಯ ಫೋನಿಗೆ ಅದು ತಲುಪಿತ್ತು. ನಾನೂ ಅದನ್ನು ನೋಡಿದ್ದು ಒಂಬತ್ತೂವರೆಗೆ, ಅಡುಗೆ ಮುಗಿಸಿದ ಮೇಲೆ. ಗ್ರೂಪ್ ಅಡ್ಮಿನ್ ಆದ್ದರಿಂದ ಎಲ್ಲರಿಗೂ ಕಾಣದಂತೆ ತೆಗೆದುಹಾಕಿದೆ. ಆದರೆ ಅಷ್ಟರಲ್ಲಿ ಯಾರ ಫೋನಿನ ಗ್ಯಾಲರಿಗೆ ಅದು ಇಳಿದಿತ್ತೋ ಯಾರು ಹೇಳಬೇಕು? ನಮ್ಮ ಪಾಲಕರು ಒಳ್ಳೆಯವರೇ. ಆದರೆ ಅವರ ಫೋನ್ ಅವರೊಬ್ಬರೇ ನೋಡುತ್ತಾರಾ? ಅಣ್ಣ ನೋಡುತ್ತಾನೆ, ಪಕ್ಕದ ಖೋಲಿಯ ಹುಡುಗ ಗೇಮ್ ಆಡಲು ಕೇಳುತ್ತಾನೆ, ರಿಪೇರಿ ಅಂಗಡಿಯವನ ಹತ್ತಿರ ಎರಡು ದಿನ ಇರುತ್ತದೆ.

ಮಗುವಿಗೆ ಯಾರೂ ಬೈಯಬೇಡಿ ಅಂತ ಆ ರಾತ್ರಿಯೇ ಹೇಳಿದ್ದೆ. ಆರೇಳು ವರ್ಷದ ಮಗುವಿಗೆ ಫೋಟೋದಲ್ಲಿ ತನ್ನ ಬಾವುಟ ಮಾತ್ರ ಕಾಣುತ್ತದೆ. ಸುತ್ತಲಿರುವುದು ದಿನಾ ನೋಡುವ ಮನೆ, ಅದರಲ್ಲಿ ಮುಚ್ಚಿಡುವಂಥದ್ದು ಏನಿದೆ ಅನ್ನುವುದು ಅದಕ್ಕೆ ಹೊಳೆಯುವುದೇ ಇಲ್ಲ.

ಬೈಯುವುದಾದರೆ ಮೊದಲು ನನಗೇ ಬೈಯಬೇಕು. ಎರಡು ವರ್ಷದ ಹಿಂದೆ ವೇಷಭೂಷಣ ಸ್ಪರ್ಧೆಯ ಫೋಟೋ ನಾನೇ ಸ್ಟೇಟಸ್‌ಗೆ ಹಾಕಿದ್ದೆ. ಎದೆಯ ಮೇಲೆ ಹೆಸರಿನ ಚೀಟಿ, ಹಿಂದೆ ಶಾಲೆಯ ಬೋರ್ಡು, ಎಲ್ಲ ಸ್ಪಷ್ಟ. ಒಬ್ಬ ತಾಯಿ ಮರುದಿನ ಬಂದು ಮೆಲ್ಲಗೆ ಕೇಳಿದರು, "ಟೀಚರ್, ಗೇಟಿನ ಹೊರಗೆ ಯಾರಾದರೂ ನನ್ನ ಮಗಳನ್ನು ಹೆಸರು ಹಿಡಿದು ಕರೆದರೆ, ಅವಳು ಗುರುತಿನವರು ಅಂದುಕೊಂಡು ಹೋಗಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಮಕ್ಕಳ ಮುಖ ಇರುವ ಫೋಟೋ ನಾನು ಎಲ್ಲಿಯೂ ಹಾಕುತ್ತಿಲ್ಲ.

ಈಗ ಎಲೆಯ ವಿಷಯಕ್ಕೆ ಬರೋಣ. ಮನೆಯಲ್ಲಿ ಹೀಗೆ ಮಾಡಿ. ಮಗು ಫೋಟೋ ತೆಗೆದ ಮೇಲೆ ಅದನ್ನು ದೊಡ್ಡದು ಮಾಡಿ ಇಬ್ಬರೂ ಸೇರಿ ನಾಲ್ಕು ಮೂಲೆ ನೋಡಿ. ನಾವು ತರಗತಿಯಲ್ಲಿ ಇದನ್ನು ಆಟವಾಗಿ ಆಡಿದ್ದೇವೆ. ನನ್ನ ಮೇಜಿನ ಫೋಟೋ ಒಂದನ್ನು ಪ್ರಿಂಟ್ ಹಾಕಿಸಿ, ನಾಲ್ಕು ಮೂಲೆಯಲ್ಲಿ ಏನೇನಿದೆ ಹೇಳಿ ಅಂದೆ. ಡಬ್ಬಿ, ಕನ್ನಡಕ, ಹಾಜರಿ ಪುಸ್ತಕ ಎಲ್ಲ ಹೇಳಿದರು. ಕೊನೆಗೆ ಒಬ್ಬ ಹುಡುಗ, "ಟೀಚರ್, ನಿಮ್ಮ ಲೋಕಲ್ ಪಾಸ್ ಇದೆ, ಅದರಲ್ಲಿ ನಿಮ್ಮ ಹೆಸರೂ ವಯಸ್ಸೂ ಇದೆ" ಅಂದ. ವಯಸ್ಸನ್ನು ಗಟ್ಟಿಯಾಗಿ ಓದಿಯೂಬಿಟ್ಟ. ನಾನು ಬೇಕೆಂದೇ ಇಟ್ಟದ್ದು ಕನ್ನಡಕ ಮಾತ್ರ, ಪಾಸ್ ನನಗೇ ಕಂಡಿರಲಿಲ್ಲ.

ಮೂಲೆಯಲ್ಲಿ ಮುಖ, ಮನೆ ನಂಬರ್, ಸೊಸೈಟಿಯ ಬೋರ್ಡು, ಗಾಡಿ ನಂಬರ್, ಕಾಗದಪತ್ರ ಇದ್ದರೆ ಕತ್ತರಿಸಿ, ಇಲ್ಲ ಇನ್ನೊಂದು ಫೋಟೋ ತೆಗೆಯಿರಿ. ಸುಲಭದ ದಾರಿ ಅಂದರೆ ಎಲೆಯನ್ನು ಬಿಳಿ ಹಾಳೆಯ ಮೇಲಿಟ್ಟು ನೇರ ಮೇಲಿನಿಂದ ತೆಗೆಯುವುದು. ಬೇರೇನೂ ಬರುವುದಿಲ್ಲ. ಲೆನ್ಸ್‌ಗೂ ಎಲೆ ಸರಿಯಾಗಿ ಕಾಣುತ್ತದೆ.

ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಇದೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೋ ಎಲ್ಲಿ ತೆಗೆದದ್ದು ಎಂಬುದೂ ಆ ಫೈಲಿನೊಳಗೆ ಸೇರಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದರೆ ಅದು ಹೋಗುವುದಿಲ್ಲ, ಆದರೆ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದಂತೆಯೇ ಹೋಗುತ್ತದೆ. ಸ್ಪಷ್ಟ ಬರಲಿ ಅಂತ ಕೆಲವರು ಡಾಕ್ಯುಮೆಂಟ್ ಆಗಿ ಕಳಿಸುತ್ತೀರಿ. ನನಗೆ ಅಷ್ಟು ಸ್ಪಷ್ಟ ಬೇಡ. ಕ್ಯಾಮೆರಾದ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಆಫ್ ಮಾಡಿಬಿಡಿ. ಸಿಗದಿದ್ದರೆ ಬೆಳಿಗ್ಗೆ ಮಗುವನ್ನು ಬಿಡಲು ಬಂದಾಗ ಫೋನ್ ತೋರಿಸಿ, ಎರಡು ನಿಮಿಷದ ಕೆಲಸ.

ಹೊಸ ಆ್ಯಪ್ ಹಾಕಿದಾಗ ಅದು ಫೋಟೋ ನೋಡಲು ಅನುಮತಿ ಕೇಳುತ್ತದೆ. ಮಕ್ಕಳು ಓದದೆ ಯಾವುದೋ ಬಟನ್ ಒತ್ತುತ್ತಾರೆ. ಸತ್ಯ ಹೇಳಬೇಕೆಂದರೆ ನಾವೂ ಹಾಗೇ ಮಾಡುತ್ತೇವೆ. ಈಚಿನ ಫೋನುಗಳಲ್ಲಿ ಇಡೀ ಗ್ಯಾಲರಿ ಬೇಡ, ಆರಿಸಿದ ಫೋಟೋ ಮಾತ್ರ ಸಾಕು ಎನ್ನುವ ಆಯ್ಕೆ ಇದೆ. ಅದನ್ನೇ ಒತ್ತಿ.

ಲೆನ್ಸ್ ಬಗ್ಗೆ ಬೇರೆಯಾಗಿ ಹೇಳಬೇಕು. ಎಲೆಯಿಂದ ಶುರು ಮಾಡಿದ ಮಗು ಐದು ನಿಮಿಷಕ್ಕೆ ಚಪ್ಪಲಿ, ಬೆಕ್ಕು, ಅಜ್ಜ ಎಲ್ಲರ ಮೇಲೂ ಫೋನ್ ಹಿಡಿಯುತ್ತದೆ. ಆಮೇಲೆ ತನ್ನದೇ ಮುಖ. ಮುಖ ಹಾಕಿದರೆ ಹೋಲಿಕೆಯ ಫೋಟೋ ಅಂತ ಯಾರ್‍ಯಾರದ್ದೋ ಬರುತ್ತವೆ, ಅಲ್ಲಿಂದ ಎಲ್ಲಿಗೆ ಒತ್ತುತ್ತದೋ ಹೇಳಲಾಗದು. ಫೋನ್ ನಿಮ್ಮದು, ಖಾತೆ ನಿಮ್ಮದು. ಬಳಸುತ್ತಿರುವುದು ಮಗು ಅಂತ ಅದಕ್ಕೆ ತಿಳಿಯುವುದಿಲ್ಲ, ದೊಡ್ಡವರಿಗೆ ತೋರಿಸುವುದನ್ನೇ ತೋರಿಸುತ್ತದೆ. ಗೂಗಲ್ ಸೆಟ್ಟಿಂಗ್ಸ್‌ನಲ್ಲಿ SafeSearch ಅಂತ ಇದೆ, ಅದನ್ನು Filter ಮೇಲೆ ಇಡಿ. ಬೇಡದ ಚಿತ್ರ ಕಡಿಮೆಯಾಗುತ್ತವೆ, ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಐದು ಎಲೆ ಮುಗಿಯಿತು, ಫೋನ್ ವಾಪಸ್. ಅಷ್ಟೇ.

ಇನ್ನೊಂದು, ಲೆನ್ಸ್ ಹೇಳಿದ ಹೆಸರು ಬರೀ ಅಂದಾಜು. ಮಳೆಗಾಲದಲ್ಲಿ ಕೆಸುವಿನಂತೆ ಕಾಣುವ ಎಲೆ ಬೇಕಾದಷ್ಟು, ಎಲ್ಲವೂ ಪತ್ರೊಡೆಗೆ ಬರುವುದಿಲ್ಲ. ಫೋನ್ ಹೇಳಿತು ಅಂತ ಯಾವ ಎಲೆಯನ್ನೂ ಬಾಯಿಗೆ ಹಾಕಬಾರದು. ಊರಿಗೆ ಹೋದವರು ಮೊದಲು ಅಜ್ಜಿಗೆ ತೋರಿಸಿ, ಆಮೇಲೆ ಫೋನಿಗೆ. ಅಜ್ಜಿ ಹೇಳಿದ ಹೆಸರು ತುಳುವಿನಲ್ಲಿರಲಿ, ಕೊಂಕಣಿಯಲ್ಲಿರಲಿ, ಹಾಗೆಯೇ ಬರೆಯಿರಿ. ಇಲ್ಲಿ ಮಾರ್ಕೆಟ್ಟಿನಲ್ಲಿ ಅಳೂ ಅನ್ನುವುದೂ ಊರಿನ ಕೆಸುವೂ ಒಂದೇ ಅಂತ ಮಕ್ಕಳಿಗೆ ತಿಳಿದರೆ ನನ್ನ ಪಾಠ ಅರ್ಧ ಆದ ಹಾಗೆ.

ನಿಮ್ಮಲ್ಲಿ ಎಷ್ಟೋ ಜನ ಬೆಳಿಗ್ಗೆ ಆರಕ್ಕೆ ಲೋಕಲ್ ಹಿಡಿದರೆ ಮನೆ ಸೇರುವುದು ರಾತ್ರಿ. ಕ್ಯಾಂಟೀನಿನಲ್ಲಿ, ಸೈಟಿನಲ್ಲಿ ಕೆಲಸ ಮಾಡುವವರಿಗೆ ರಜೆಯೂ ಇಲ್ಲ. ಪಕ್ಕದಲ್ಲಿ ಕೂತುಕೊಳ್ಳಿ ಅಂತ ಸುಮ್ನೆ ಬರೆದುಬಿಡುವುದು ನನಗೆ ಸುಲಭ ಅಂತ ಗೊತ್ತಿದೆ. ಆದ್ದರಿಂದ ಗಡುವು ಇಟ್ಟಿಲ್ಲ. ವಾರದಲ್ಲಿ ಒಂದು ದಿನ, ನಿಮಗೆ ಬಿಡುವಾದಾಗ, ಐದೂ ಒಟ್ಟಿಗೆ ಕಳಿಸಿ. ಅಕ್ಕನೋ ಅಣ್ಣನೋ ಕೂತರೆ ನಡೆಯುತ್ತದಾ ಎಂದು ಕೆಲವರು ಕೇಳಿದಿರಿ. ಕಾಲೇಜಿಗೆ ಹೋಗುವವರಾದರೆ ಸರಿ. ಐದನೇ ತರಗತಿಯ ಅಕ್ಕ ಸಾಲದು, ಅವಳೂ ಮಗುವೇ.

ಫೋನೇ ಬೇಡ ಅನ್ನುವವರು ಎಲೆಗಳನ್ನು ನೋಟ್‌ಬುಕ್ಕಿಗೆ ಅಂಟಿಸಿ ತನ್ನಿ. ಅಂಕ ಎರಡಕ್ಕೂ ಒಂದೇ.

ಇನ್ನು ಮುಂದೆ ಹೋಮ್‌ವರ್ಕ್ ಫೋಟೋಗಳನ್ನು ಗ್ರೂಪಿಗೆ ಹಾಕಬೇಡಿ, ನನ್ನ ಶಾಲೆಯ ನಂಬರಿಗೆ ನೇರ ಕಳಿಸಿ. ಅಂಕ ಹಾಕಿದ ವಾರದೊಳಗೆ ನನ್ನ ಫೋನಿನಿಂದ ಅಳಿಸುತ್ತೇನೆ. ಅಳಿಸಿದ್ದೇನೋ ಇಲ್ಲವೋ ಎಂದು ಯಾವಾಗ ಬೇಕಾದರೂ ಕೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಮಕ್ಕಳ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕು ಅಂತ 2023ರಲ್ಲಿ ಬಂದ ಕಾಯ್ದೆಯೇ ಹೇಳುತ್ತದೆ, ಅದರ ಲೆಕ್ಕದಲ್ಲಿ 18 ತುಂಬದವರೆಲ್ಲ ಮಕ್ಕಳು.

ಕೈತಪ್ಪಿ ಏನಾದರೂ ಹೋಗಿಬಿಟ್ಟರೆ ಮೊದಲು ಎಲ್ಲರಿಗೂ ಅಳಿಸುವ ಆಯ್ಕೆ ಒತ್ತಿ, ಆಮೇಲೆ ನನಗೆ ಫೋನ್ ಮಾಡಿ, ರಾತ್ರಿಯಾದರೂ ಸರಿ. ಯಾರಾದರೂ ಮಗುವಿನ ಫೋಟೋ ಇಟ್ಟುಕೊಂಡು ಹೆದರಿಸಿದರೆ, ಇನ್ನಷ್ಟು ಫೋಟೋ ಕೇಳಿದರೆ, ಮಾತುಗಳನ್ನು ಅಳಿಸದೆ ಹಾಗೇ ಇಟ್ಟುಕೊಳ್ಳಿ. cybercrime.gov.in ನಲ್ಲಿ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098, ಹಣ ಹೋಗಿದ್ದರೆ 1930. ನಮಗೆ ಇದು ಬೇಕಾಗಿ ಬಂದಿಲ್ಲ. ಆದರೂ ಈ ನಂಬರುಗಳನ್ನು ಫೋನಿನಲ್ಲಿ ಹಾಕಿಟ್ಟುಕೊಳ್ಳಿ.

ಓದಿದ್ದಕ್ಕೆ ಗುರುತಾಗಿ ಇದೇ ಚೀಟಿಯ ಹಿಂದೆ ಸಹಿ ಮಾಡಿ ಗುರುವಾರದೊಳಗೆ ಕಳಿಸಿ. ಜೊತೆಗೆ ರಜೆಯಲ್ಲಿ ಮಗುವಿನ ಪಕ್ಕ ಯಾರು ಕೂರುತ್ತಾರೆ ಅನ್ನುವುದನ್ನೂ ಬರೆಯಿರಿ. ಕನ್ನಡ ಬರೆಯಲು ಬಾರದವರು ಮರಾಠಿಯಲ್ಲಿ ಬರೆದರೂ ನಡೆಯುತ್ತದೆ.

ಇತಿ,
ನಿಮ್ಮ ಮಕ್ಕಳ ಟೀಚರ್

ಮರೆತಿದ್ದೆ: ಎಲೆ ಅಂಟಿಸುವವರು ಒದ್ದೆ ಎಲೆಯನ್ನು ಹಾಗೇ ಅಂಟಿಸಬೇಡಿ. ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಅಕ್ಕಿ ಡಬ್ಬಿ ಹೇರಿ ಮೂರು ದಿನ ಬಿಡಿ. ಹೋದ ವರ್ಷ ಎರಡು ನೋಟ್‌ಬುಕ್ ಬೂಷ್ಟು ಹಿಡಿದು ಬಂದಿದ್ದವು.