ಸಂಶೋಧನಾ ಮಾರ್ಗದರ್ಶಕರ ಅನುಚಿತ ಬೇಡಿಕೆ ಹಾಗೂ ಬೆದರಿಕೆಯ ಬಗ್ಗೆ ವಿಭಾಗದ ಮುಖ್ಯಸ್ಥರಿಗೆ ದೂರು

ಶಿವಮೊಗ್ಗ
6 ಅಕ್ಟೋಬರ್ 2025

ಗೆ,
ಮುಖ್ಯಸ್ಥರು,
ಸಸ್ಯಶಾಸ್ತ್ರ ಅಧ್ಯಯನ ವಿಭಾಗ

ವಿಷಯ: ಮಾರ್ಗದರ್ಶಕರ ಬದಲಾವಣೆ, ತಡೆಹಿಡಿದ ಸಹಿಗಳು ಮತ್ತು ಪ್ರಯೋಗಾಲಯದ ಪ್ರವೇಶ ಕೋರಿ

ಮಾನ್ಯರೇ,

ನಾನು 2023ರ ಜನವರಿಯಲ್ಲಿ ನೋಂದಾಯಿಸಿಕೊಂಡ ಪೂರ್ಣಾವಧಿ ಸಂಶೋಧನಾ ವಿದ್ಯಾರ್ಥಿನಿ, ಸಿಎಸ್‌ಐಆರ್ ಫೆಲೋಶಿಪ್ ಪಡೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಅಡಿಕೆ ತೋಟಗಳ ಕೊಳೆರೋಗದ ಫೈಟಾಫ್ತೊರಾ ನನ್ನ ವಿಷಯ. ನನ್ನ ಮಾರ್ಗದರ್ಶಕರ ಬಗ್ಗೆ ಬಾಯಿಮಾತಿನಲ್ಲಿ ಹೇಳಿದರೆ ಬಾಯಿಮಾತಿನಲ್ಲೇ ಮುಗಿದುಹೋಗುತ್ತದೆಂದು ತಿಳಿದು ಬರೆದುಕೊಡುತ್ತಿದ್ದೇನೆ. ಅವರು ನಿಮ್ಮ ಸಹೋದ್ಯೋಗಿ ಎಂಬುದು ಗೊತ್ತಿದೆ. ಆದರೂ ಮೊದಲು ಬರಬೇಕಾದದ್ದು ನಿಮ್ಮ ಬಳಿಗೇ.

ಈ ವರ್ಷದ ಮಳೆಗಾಲದಿಂದ ಶುರುಮಾಡುತ್ತೇನೆ, ಏಕೆಂದರೆ ಹೆಚ್ಚಿನ ನಷ್ಟ ಆದದ್ದು ಅಲ್ಲಿ. ಕೊಳೆ ಬಿದ್ದ ಕಾಯಿ ಸಿಗುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಆ ನಾಲ್ಕು ತಿಂಗಳು ತಪ್ಪಿದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು. ಜೂನ್ 3ರಿಂದ ಜುಲೈ 14ರೊಳಗೆ ಒಟ್ಟು 13 ದಿನ ನನ್ನನ್ನು ಅವರ ಸ್ವಂತ ತೋಟಕ್ಕೆ ಕಳುಹಿಸಿದರು. ಔಷಧಿ ಹೊಡೆಯುವ ಕೊನೆಗಾರರ ಲೆಕ್ಕ ಬರೆಯುವುದು, ಮೈಲುತುತ್ತ ಮತ್ತು ಸುಣ್ಣ ತೂಗಿಸಿ ಬೋರ್ಡೋ ದ್ರಾವಣ ಕಲೆಸುವಾಗ ನಿಂತು ನೋಡುವುದು ನನ್ನ ಕೆಲಸವಾಗಿತ್ತು. 'ಫೀಲ್ಡ್ ವರ್ಕ್' ಎಂದು ಹಾಜರಾತಿ ಪುಸ್ತಕದಲ್ಲಿ ಬರೆಸಿದರು. ಆ ತೋಟ ನನ್ನ ಅನುಮೋದಿತ ಮಾದರಿ ಸ್ಥಳಗಳ ಪಟ್ಟಿಯಲ್ಲಿಲ್ಲ. ನನಗೆ ಬೇಕಿರುವುದು ತಾಮ್ರ ಹೊಡೆಯದ ತೋಟದ ಕಾಯಿ, ಅಲ್ಲಿದ್ದದ್ದು ಹೊಡೆದು ಮುಗಿಸಿದ ಗೊನೆ.

ಜುಲೈ 14ರಂದು ಹೊಸನಗರದಿಂದ ತಂದ 14 ಕಾಯಿಗಳು ಹಾಳಾದವು. ನೀರು ಹೀರಿದಂಥ ಕಲೆಯ ಅಂಚಿನಿಂದ ಚೂರು ಕತ್ತರಿಸಿ, ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಆಯ್ದ ಮಾಧ್ಯಮಕ್ಕೆ ಅಂದೇ, ತಡವಾದರೆ ಮರುದಿನವಾದರೂ ಹಾಕಬೇಕು. ಇಲ್ಲದಿದ್ದರೆ ಬ್ಯಾಕ್ಟೀರಿಯಾ ಮತ್ತು ಬೇರೆ ಶಿಲೀಂಧ್ರಗಳು ಮೇಲೇಳುತ್ತವೆ. ಫ್ರಿಜ್‌ನಲ್ಲಿಟ್ಟರೆ ಫೈಟಾಫ್ತೊರಾ ಚಳಿಗೇ ಸಾಯಬಹುದು. ಅವತ್ತು ಸಂಜೆ ಚೀಲ ಮೇಜಿನ ಮೇಲಿಟ್ಟ ಕೂಡಲೇ, ಅವರು ಮೂರು ತರಗತಿಗಳ ಕಿರುಪರೀಕ್ಷೆಯ 140 ಉತ್ತರಪತ್ರಿಕೆ ಕೊಟ್ಟು 'ಬುಧವಾರ ಬೆಳಗ್ಗೆ ಅಂಕ ಬೇಕು' ಎಂದರು. ಬುಧವಾರ ಚೀಲ ಬಿಚ್ಚಿದಾಗ ಕಾಯಿಗಳ ಮೇಲೆ ಬಿಳಿ ಬೂಷ್ಟು ಹಬ್ಬಿ, ತೊಟ್ಟಿನ ಕಡೆಯಿಂದ ನೀರು ಸೋರುತ್ತಿತ್ತು. ಒಂದು ಐಸೊಲೇಟ್ ಕೂಡ ಸಿಗಲಿಲ್ಲ.

ಯುಜಿಸಿಯ 2022ರ ಪಿಎಚ್‌.ಡಿ. ನಿಯಮಾವಳಿಯ ಪ್ರಕಾರ ಟ್ಯುಟೋರಿಯಲ್, ಪ್ರಯೋಗಾಲಯ, ಮೌಲ್ಯಮಾಪನ ಕೆಲಸಕ್ಕೆ ನಮ್ಮನ್ನು ವಾರಕ್ಕೆ 4ರಿಂದ 6 ಗಂಟೆ ಹಚ್ಚಬಹುದು. ಅದಕ್ಕೆ ನನ್ನ ತಕರಾರಿಲ್ಲ, ಪಾಠ ಹೇಳುವುದೂ ಕಲಿಕೆಯೇ. ಆದರೆ ಜುಲೈ, ಆಗಸ್ಟ್‌ನಲ್ಲಿ ನಾನು ವಾರಕ್ಕೆ 16 ಗಂಟೆ ಅವರ ತರಗತಿ ತೆಗೆದುಕೊಂಡಿದ್ದೇನೆ. ದಿನಾಂಕವಾರು ಪಟ್ಟಿ ಲಗತ್ತಿಸಿದ್ದೇನೆ.

ಹಣದ ವಿಷಯ ಬರೆಯಲು ಕೈ ನಡುಗುತ್ತದೆ, ಆದರೂ ಬರೆಯಲೇಬೇಕು. ಎಸ್‌ಆರ್‌ಎಫ್ ಆದ ಮೇಲೆ, ಮಾರ್ಚ್‌ನಿಂದ ಜುಲೈವರೆಗೆ ತಿಂಗಳಿಗೆ 5,000ದಂತೆ 25,000 ರೂಪಾಯಿಯನ್ನು ಅವರು ಹೇಳಿದ ಇನ್ನೊಬ್ಬರ ಸಂಖ್ಯೆಗೆ ಫೋನ್‌ಪೇ ಮಾಡಿದ್ದೇನೆ. ಕಾರಣ 'ಲ್ಯಾಬ್ ಖರ್ಚು' ಎಂದಿದ್ದರು. ರಸೀದಿ ಕೇಳಿದ್ದಕ್ಕೆ ಕೊಡಲಿಲ್ಲ. ಆಗಸ್ಟ್‌ನಲ್ಲಿ ನಿಲ್ಲಿಸಿದೆ. ಆ ತಿಂಗಳಿನಿಂದಲೇ ನನ್ನ ಹಾಜರಾತಿ ಪತ್ರಕ್ಕೆ ಸಹಿ ನಿಂತಿತು, ಎರಡು ತಿಂಗಳ ಫೆಲೋಶಿಪ್ ಬಂದಿಲ್ಲ. ಜನವರಿ–ಜೂನ್ ಅವಧಿಯ ಪ್ರಗತಿ ವರದಿಯೂ ಜುಲೈ 21ರಿಂದ ಅವರ ಮೇಜಿನ ಮೇಲೇ ಇದೆ.

ಅದೇ ಹೊತ್ತಿಗೆ ನನ್ನ 38 ಐಸೊಲೇಟ್‌ಗಳ ಲೇಖನಕ್ಕೆ ಅವರ ಸಂಬಂಧಿಕರೊಬ್ಬರ ಹೆಸರನ್ನು ಮೊದಲ ಲೇಖಕರಾಗಿ ಸೇರಿಸಲು ಹೇಳಿದರು. ಆ ವ್ಯಕ್ತಿ ಒಂದು ಕಾಯಿ ಹೆಕ್ಕಿಲ್ಲ, ಒಂದು ಪ್ಲೇಟ್ ಹಾಕಿಲ್ಲ. ನನ್ನ ಹೆಸರು ಮೂರನೆಯದು. ಒಪ್ಪಲಿಲ್ಲ.

ಆಗಸ್ಟ್ 18ರ ಮಧ್ಯಾಹ್ನ ಕೊಠಡಿಯ ಬಾಗಿಲು ಹಾಕಿ ಅವರಾಡಿದ ಮಾತು ಇದು: "ನನ್ನ ಸೈನ್ ಇಲ್ದೆ ನೀನು ಈ ಬಿಲ್ಡಿಂಗಿಂದ ಡಾಕ್ಟರ್ ಆಗಿ ಹೊರಗೆ ಹೋಗಲ್ಲ. ಹೆಡ್ ಹತ್ರ ಹೋಗ್ತೀಯಾ, ಹೋಗು. ವೈವಾಕ್ಕೆ ಯಾರನ್ನ ಕರೀಬೇಕು ಅಂತ ನಂಗೊತ್ತು." ಆಮೇಲೆ ರೆವಿನ್ಯೂ ಸ್ಟಾಂಪ್ ಅಂಟಿಸಿದ ಎರಡು ಖಾಲಿ ಎ4 ಹಾಳೆಗೆ ನನ್ನಿಂದ ಸಹಿ ಹಾಕಿಸಿಕೊಂಡರು. ಅವುಗಳಲ್ಲಿ ಮುಂದೆ ಏನನ್ನೇ ಬರೆದರೂ ಅದು ನನ್ನ ಒಪ್ಪಿಗೆಯಲ್ಲ ಎಂದು ಈ ಪತ್ರದಲ್ಲೇ ದಾಖಲಿಸುತ್ತಿದ್ದೇನೆ. ಸೆಪ್ಟೆಂಬರ್ 19ರಂದು ಕಲ್ಚರ್ ಕೊಠಡಿಯ ಕೀಲಿಯನ್ನೂ, ನನ್ನ ಮೂರು ಪ್ರಯೋಗ ಪುಸ್ತಕಗಳನ್ನೂ ತೆಗೆದುಕೊಂಡರು.

ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರತಿ ಸೆಮಿಸ್ಟರ್ ಹಾಜರಾಗುತ್ತೇನೆ. ಆದರೆ ಸಮಿತಿಯ ಸಂಚಾಲಕರು ಮಾರ್ಗದರ್ಶಕರೇ ಆಗಿರುವುದರಿಂದ ಇದನ್ನು ಅಲ್ಲಿ ಎತ್ತಲಾಗಲಿಲ್ಲ.

ನನ್ನ ಕೋರಿಕೆಗಳಲ್ಲಿ ಎಲ್ಲಕ್ಕಿಂತ ತುರ್ತಾದದ್ದು ಕಲ್ಚರ್ ಕೊಠಡಿ. 38 ಐಸೊಲೇಟ್‌ಗಳು ಓಟ್‌ಮೀಲ್ ಅಗರ್ ಇಳಿಜಾರು ನಳಿಕೆಗಳಲ್ಲಿವೆ, ಕಡೆಯ ಸಲ ಮರುಕಲ್ಚರ್ ಮಾಡಿದ್ದು ಆಗಸ್ಟ್ 25ಕ್ಕೆ. ಅಗರ್ ಒಣಗಿದರೆ ಎರಡು ಮಳೆಗಾಲದ ಕೆಲಸ ಒಣಗುತ್ತದೆ, ಮತ್ತೆ ತರಲು ಆ ತೋಟಗಳಲ್ಲಿ ಆ ವರ್ಷಗಳ ಕಾಯಿ ಇಲ್ಲ. ದಯವಿಟ್ಟು ಈ ವಾರದೊಳಗೆ, ಬೇರೊಬ್ಬ ಬೋಧಕರ ಸಮ್ಮುಖದಲ್ಲಾದರೂ ಸರಿ, ನನ್ನನ್ನು ಒಳಗೆ ಬಿಡಿಸಿ. ಒಂದು ಜೊತೆ ನಳಿಕೆ ವಿಭಾಗದ ಸುಪರ್ದಿಗೆ ಕೊಡುತ್ತೇನೆ. ಪ್ರಯೋಗ ಪುಸ್ತಕಗಳೂ, ಸಹಿ ಮಾಡಿದ ಖಾಲಿ ಹಾಳೆಗಳೂ ನಿಮ್ಮ ಮೂಲಕ ವಾಪಸಾಗಲಿ.

ಹಾಜರಾತಿ ಪತ್ರ ಮತ್ತು ಪ್ರಗತಿ ವರದಿಯನ್ನು ವಿಭಾಗದ ಹಾಜರಾತಿ ಪುಸ್ತಕದೊಂದಿಗೆ ತಾಳೆ ನೋಡಿ, ತಾವೇ ಮುಂದಕ್ಕೆ ಕಳುಹಿಸಿಕೊಡಬೇಕು. ಮಾರ್ಗದರ್ಶಕರ ಬದಲಾವಣೆಯನ್ನು ಡಾಕ್ಟೋರಲ್ ಸಮಿತಿಯ ಮುಂದಿಡಬೇಕು. ಸಸ್ಯರೋಗಶಾಸ್ತ್ರ ಬಲ್ಲ, ಸಂಶೋಧನಾ ಸ್ಥಾನ ಖಾಲಿಯಿರುವ ಯಾರಾದರೂ ನನಗೆ ಒಪ್ಪಿಗೆ. ವಿಷಯ ಬದಲಿಸಬೇಡಿ ಎಂದಷ್ಟೇ ಬೇಡಿಕೆ.

ಈ ದೂರನ್ನು ತಮ್ಮ ಅಭಿಪ್ರಾಯದೊಂದಿಗೆ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿಗೆ ಕಳುಹಿಸಿ. ಯುಜಿಸಿಯ 2023ರ ನಿಯಮದಂತೆ ದೂರು ತಲುಪಿದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಒಂಬುಡ್ಸ್‌ಪರ್ಸನ್ ಬಳಿ ಹೋಗುತ್ತೇನೆ. ಅಲ್ಲಿಯವರೆಗೆ ಮಾರ್ಗದರ್ಶಕರು ತಮ್ಮ ಕೊಠಡಿಗೆ ನನ್ನನ್ನು ಒಂಟಿಯಾಗಿ ಕರೆಸದಂತೆ ಲಿಖಿತ ಸೂಚನೆ ಕೊಡಿ. ಅವರ ಬಳಿಯಿರುವ ಇನ್ನಿಬ್ಬರು ವಿದ್ಯಾರ್ಥಿಗಳನ್ನು ವಿಚಾರಿಸುವುದಾದರೆ ಬೇರೆ ಬೇರೆಯಾಗಿ, ಮಾರ್ಗದರ್ಶಕರಿಲ್ಲದಾಗ ವಿಚಾರಿಸಿ. ಎದುರಿಗಿದ್ದರೆ ಯಾರೂ ಬಾಯಿ ಬಿಡುವುದಿಲ್ಲ.

ಈ ಪತ್ರದ ಎರಡನೇ ಪ್ರತಿಯ ಮೇಲೆ ಇನ್‌ವರ್ಡ್ ಸಂಖ್ಯೆ, ದಿನಾಂಕ ಮತ್ತು ಮೊಹರು ಹಾಕಿಸಿಕೊಡಬೇಕಾಗಿ ವಿನಂತಿ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
(ಸಹಿ)
ಸಂಶೋಧನಾ ವಿದ್ಯಾರ್ಥಿನಿ, 2023ರ ಜನವರಿ ತಂಡ

ಲಗತ್ತು: ಫೋನ್‌ಪೇ ವಹಿವಾಟಿನ 5 ಪುಟ, ತೋಟಕ್ಕೆ ಬರಹೇಳಿದ ವಾಟ್ಸ್‌ಆ್ಯಪ್ ಸಂದೇಶಗಳ ಪ್ರತಿ, ತರಗತಿಗಳ ದಿನಾಂಕವಾರು ಪಟ್ಟಿ, ಅನುಮೋದಿತ ಮಾದರಿ ಸ್ಥಳಗಳ ಪಟ್ಟಿ, ಲೇಖನದ ಎರಡು ಕರಡುಗಳು, ಸಹಿಯಾಗದ ಪ್ರಗತಿ ವರದಿಯ ಪ್ರತಿ.